‘ಎಷ್ಟು ಬಿಡ್ತೀರ ಸಾರ್?’

ತಿಪಟೂರಿನ ಕಡೆ ಒಂದು ಹೈಸ್ಕೂಲಿನ ಎದುರಿಗೆ ಪುಟ್ಟ ಸ್ಟೇಷನರಿ ಅಂಗಡಿ ಇದೆ ಎಂದುಕೊಳ್ಳೋಣ. ವರ್ಷವಿಡೀ ಪೆನ್ನು, ರಬ್ಬರು, ಜೆರಾಕ್ಸು ಎಂದು ಕಾಲ ಹಾಕುವ ಈ ಅಂಗಡಿಗೆ ನಿಜವಾದ ಸುಗ್ಗಿ ಶಾಲೆ ತೆರೆಯುವ ಎರಡು ಮೂರು ವಾರ. ಆ ಸುಗ್ಗಿಗೆ ನೋಟ್‌ಬುಕ್ ಹೊಂದಿಸಲು ಯಜಮಾನರು ಮಾರ್ಚ್‌ನಲ್ಲೇ ಬೆಂಗಳೂರಿನ ಅವೆನ್ಯೂ ರಸ್ತೆಯ ಹೋಲ್‌ಸೇಲ್ ಅಂಗಡಿಯೊಂದಕ್ಕೆ ಫೋನ್ ಮಾಡುತ್ತಾರೆ. “ನೂರು ಡಜನ್ ತಗೊಂಡ್ರೆ ಎಷ್ಟು ಬಿಡ್ತೀರ ಸಾರ್?” ಆ ಕಡೆಯಿಂದ ಉತ್ತರ: “ಬನ್ನಿ ಸಾರ್, ನೋಡಿ ಮಾಡ್ಕೊಡೋಣ. ಮೂವತ್ತು ಪರ್ಸೆಂಟ್ ಬಿಡ್ಬೋದು.”

ಈ ಮೂವತ್ತು ಯಾವುದರ ಮೇಲೆ? ಎಂಆರ್‌ಪಿ ಮೇಲೆಯೇ ಇರಬಹುದು. ಆದರೆ ರಟ್ಟಿನ ಮೇಲೆ ಅರವತ್ತು ರೂಪಾಯಿ ಎಂದು ಅಚ್ಚಾಗಿರುವ ಪುಸ್ತಕಕ್ಕೆ ಮೂವತ್ತು ಬಿಟ್ಟರೆ 42 ರೂಪಾಯಿ ಬೀಳುತ್ತದೆ. ಐವತ್ತು ಅಚ್ಚಾಗಿರುವುದಕ್ಕೆ ಬರೀ ಇಪ್ಪತ್ತು ಬಿಟ್ಟರೂ 40ಕ್ಕೇ ಸಿಗುತ್ತದೆ. ಹೆಚ್ಚು ಪರ್ಸೆಂಟ್ ಕೊಡುವವನ ಮಾಲೇ ದುಬಾರಿಯಾಗುವುದು ಹೀಗೆ. ಅದೂ ಎರಡೂ ಪುಸ್ತಕದಲ್ಲಿ ಒಂದೇ ಸಂಖ್ಯೆಯ ಪುಟ, ಒಂದೇ ದಪ್ಪದ ಕಾಗದ ಇದ್ದರೆ ಮಾತ್ರ ಹೋಲಿಸುವ ಮಾತು. ಫೋನಿನಲ್ಲಿ ಇದೆಲ್ಲ ಇತ್ಯರ್ಥವಾಗುವುದಿಲ್ಲ. ಅದಕ್ಕೇ ಕಾಗದ ಬರೆಯಬೇಕು. ಅಂಚೆಯಲ್ಲೇ ಹೋಗಬೇಕೆಂದಿಲ್ಲ, ಬರೆದು ವಾಟ್ಸ್‌ಆ್ಯಪಿನಲ್ಲಿ ಫೋಟೊ ಕಳಿಸಿದರೂ ಆಯಿತು. ನಮ್ಮ ಯಜಮಾನರ ಕಾಗದ ಹೀಗಿರಬಹುದು:

ಮಾನ್ಯರೇ,

ವಿಷಯ: ಶಾಲಾ ಸೀಸನ್ನಿಗೆ ನೋಟ್‌ಬುಕ್ ಸಗಟು ದರದ ಕೊಟೇಶನ್ ಕೋರಿ.

ನಮ್ಮದು ತಿಪಟೂರು ತಾಲ್ಲೂಕಿನಲ್ಲಿ ಹೈಸ್ಕೂಲಿನ ಎದುರಿಗಿರುವ ಸ್ಟೇಷನರಿ ಅಂಗಡಿ. ಕಳೆದ ಸೀಸನ್ನಿನಲ್ಲಿ 80 ಡಜನ್ ಲಾಂಗ್ ನೋಟ್‌ಬುಕ್ ಮಾರಿದ್ದೇವೆ. ಈ ಸಲ 80ರಿಂದ 100 ಡಜನ್‌ವರೆಗೆ ಒಂದೇ ಸಲಕ್ಕೆ ಕೊಳ್ಳುವ ಯೋಚನೆಯಿದೆ. ನಮಗೆ ಜಿಎಸ್‌ಟಿ ನೋಂದಣಿ ಇಲ್ಲ.

ಲಾಂಗ್ ಸೈಜು, 172 ಪುಟದ ಪುಸ್ತಕ, ಗೆರೆಯದ್ದು ಮತ್ತು ಗೆರೆಯಿಲ್ಲದ್ದು ಬೇಕು. ಎಂಆರ್‌ಪಿ, ಪುಟ, ಕಾಗದದ ಜಿಎಸ್‌ಎಂ ನಮೂದಿಸಿ, 50, 80 ಮತ್ತು 100 ಡಜನ್ ಕೊಂಡರೆ ಪುಸ್ತಕವೊಂದಕ್ಕೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ಬೇರೆ ಬೇರೆಯಾಗಿ ತಿಳಿಸಿ. ಮೇಲಿನ ಸ್ಲ್ಯಾಬ್ ಮುಟ್ಟಿದಾಗ ಆ ರಿಯಾಯಿತಿ ಪೂರ್ತಿ ಮಾಲಿಗೋ, ಆ ಸ್ಲ್ಯಾಬಿನ ಮಾಲಿಗೆ ಮಾತ್ರವೋ? ಗೆರೆಯದ್ದು, ಗೆರೆಯಿಲ್ಲದ್ದು ಕೂಡಿಸಿ ಲೆಕ್ಕ ಹಿಡಿಯುತ್ತೀರಾ? ಜೂನ್‌ನಲ್ಲಿ ಮತ್ತೆ ತರಿಸಿದರೆ ಅದು ಇದಕ್ಕೆ ಸೇರುತ್ತದೆಯೇ?

ನಮಗೆ 45 ದಿನದ ಉದ್ರಿ ಬೇಕು. ಬೇಗ ಹಣ ಕಟ್ಟಿದರೆ ಎಷ್ಟು ಬಿಡುತ್ತೀರಿ, ದಿನಗಳನ್ನು ಬಿಲ್ಲಿನ ತಾರೀಖಿನಿಂದ ಎಣಿಸುತ್ತೀರೋ ಮಾಲು ತಲುಪಿದ ದಿನದಿಂದಲೋ ತಿಳಿಸಿ. ಲಾರಿ ಬಾಡಿಗೆ, ಹಮಾಲಿ ಯಾರದ್ದು, ನೆನೆದ ಅಥವಾ ಹರಿದ ಪುಸ್ತಕ ವಾಪಸ್ ತೆಗೆದುಕೊಳ್ಳುತ್ತೀರಾ ಎಂಬುದನ್ನೂ ಬರೆಯಿರಿ. ಮಾಲು ಮೇ 10ರೊಳಗೆ ಬೇಕು. ದರ ಏಪ್ರಿಲ್ 15ರವರೆಗೆ ನಿಲ್ಲುವಂತಿರಲಿ.

ಇಂತಿ ತಮ್ಮ ವಿಶ್ವಾಸಿ.

ಕಾಗದದಲ್ಲಿ ಎಲ್ಲಿಯೂ “ಆದಷ್ಟು ಕಡಿಮೆ ಮಾಡಿ” ಎಂಬ ಮಾತಿಲ್ಲ. ಅದನ್ನು ಎಲ್ಲರೂ ಬರೆಯುತ್ತಾರೆ, ಓದುವವನು ದಾಟಿಕೊಂಡು ಹೋಗುತ್ತಾನೆ. “ಕಳೆದ ಸೀಸನ್ನಿನಲ್ಲಿ 80 ಡಜನ್ ಮಾರಿದ್ದೇವೆ” ಎಂಬ ಸಾಲಿನಲ್ಲಿ ಕಣ್ಣು ನಿಲ್ಲುತ್ತದೆ. ಬರೀ ರೇಟು ಕೇಳಿ ಪಕ್ಕದ ಅಂಗಡಿಗೆ ಹೋಗುವ ಗಿರಾಕಿ ಇವನಲ್ಲ ಎಂದು ಹೋಲ್‌ಸೇಲಿನವರಿಗೆ ಗೊತ್ತಾಗುವುದು ಆ ಸಾಲಿನಿಂದ.

ಈಗ ಸ್ಲ್ಯಾಬಿನ ಲೆಕ್ಕ. ಉತ್ತರ ಹೀಗೆ ಬಂತು ಎಂದುಕೊಳ್ಳಿ: ಎಂಆರ್‌ಪಿ 60 ರೂಪಾಯಿ, 50 ಡಜನ್‌ವರೆಗೆ 25 ಪರ್ಸೆಂಟ್, 51ರಿಂದ 99ರವರೆಗೆ 28, ನೂರು ಡಜನ್ನಿಗೆ 32. (ಸಂಖ್ಯೆಗಳು ಲೆಕ್ಕಕ್ಕೆಂದು ನಾನು ಇಟ್ಟುಕೊಂಡವು, ಪೇಟೆಯ ದರ ಪ್ರತಿ ವರ್ಷ ಬೇರೆ.) ನೂರು ಡಜನ್ ಎಂದರೆ 1,200 ಪುಸ್ತಕ, ಎಂಆರ್‌ಪಿ ಲೆಕ್ಕದಲ್ಲಿ 72,000 ರೂಪಾಯಿ. ಪೂರ್ತಿ ಮಾಲಿಗೆ 32 ಬಿಟ್ಟರೆ ಬಿಲ್ಲು 48,960. ಆದರೆ ಮೊದಲ ಐವತ್ತಕ್ಕೆ 25, ಆಮೇಲಿನ ನಲವತ್ತೊಂಬತ್ತಕ್ಕೆ 28, ಕೊನೆಯ ಒಂದೇ ಒಂದು ಡಜನ್ನಿಗೆ 32 ಎಂದು ಮೆಟ್ಟಿಲು ಮೆಟ್ಟಿಲಾಗಿ ಹಿಡಿದರೆ ಅದೇ ಮಾಲಿಗೆ 52,891 ಆಗುತ್ತದೆ. ಅದೇ ಪುಸ್ತಕ, ಅದೇ ಪರ್ಸೆಂಟು, ವ್ಯತ್ಯಾಸ ಮಾತ್ರ 3,900 ರೂಪಾಯಿಗೂ ಹೆಚ್ಚು. ಇಬ್ಬರೂ ಸುಳ್ಳು ಹೇಳಿಲ್ಲ. ಒಬ್ಬರು ಒಂದು ರೀತಿ ಅರ್ಥ ಮಾಡಿಕೊಂಡರು, ಇನ್ನೊಬ್ಬರು ಇನ್ನೊಂದು ರೀತಿ. ಪರ್ಸೆಂಟಿನ ಬದಲು ಪುಸ್ತಕವೊಂದಕ್ಕೆ ಬೀಳುವ ರೂಪಾಯಿಯನ್ನು ಕೇಳಿದ್ದು ಈ ಜಗಳ ಬೇಡವೆಂದೇ.

ಸ್ಲ್ಯಾಬಿಗೆ ಇನ್ನೊಂದು ಗುಣವಿದೆ, ಅದು ಆಸೆ ಹುಟ್ಟಿಸುತ್ತದೆ. ಹೋದ ವರ್ಷ ಹೋಗಿದ್ದು 80 ಡಜನ್. ಅಷ್ಟನ್ನೇ ಕೊಂಡರೆ 28 ಪರ್ಸೆಂಟ್ ಕಳೆದು 41,472 ರೂಪಾಯಿ. ಪೂರ್ತಿ ಮಾಲಿಗೆ 32 ಬಿಡುವುದಾದರೆ ನೂರು ಡಜನ್ನಿಗೆ 48,960. ಅಂದರೆ ಇನ್ನೂ 7,488 ಹಾಕಿದರೆ 240 ಪುಸ್ತಕ ಹೆಚ್ಚಿಗೆ ಬರುತ್ತವೆ, ಒಂದಕ್ಕೆ 31 ರೂಪಾಯಿ 20 ಪೈಸೆ. ಯಾರಿಗೆ ಬೇಡ? ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಈ 240ರಲ್ಲಿ ಎಷ್ಟು ಹೋದರೆ ಹಾಕಿದ ದುಡ್ಡು ಬರುತ್ತದೆ? ಮಕ್ಕಳಿಗೆ ಹತ್ತು ಪರ್ಸೆಂಟ್ ಬಿಟ್ಟು 54ಕ್ಕೆ ಮಾರಿದರೆ 139 ಪುಸ್ತಕ ಹೋಗಬೇಕು. ಊರಲ್ಲಿ ಹೊಸದಾಗಿ ಒಂದು ಸೆಕ್ಷನ್ ತೆರೆದಿದ್ದರೆ ಅವು ಹೋದಾವು. ಎದುರಿಗೆ ಇನ್ನೊಂದು ಅಂಗಡಿ ಬಂದಿದ್ದರೆ ಕಷ್ಟ. ಉಳಿದ ಪುಸ್ತಕ ಕೊಳೆಯುವುದಿಲ್ಲ ನಿಜ; ಆದರೆ ಮಳೆಗಾಲದ ತೇವಕ್ಕೆ ರಟ್ಟು ಬಾಗುತ್ತದೆ, ಅಂಚು ಹಳದಿಯಾಗುತ್ತದೆ, ಇಲಿಗೂ ಗೊತ್ತಾಗಿಬಿಡುತ್ತದೆ. ದುಡ್ಡಂತೂ ಮುಂದಿನ ಜೂನ್‌ವರೆಗೆ ಅಟ್ಟದ ಮೇಲೆ ಕೂತಿರುತ್ತದೆ. ಮತ್ತೆ ತರಿಸಿದರೆ ಕೂಡಿಸುತ್ತೀರಾ ಎಂಬ ಪ್ರಶ್ನೆ ಕಾಗದದಲ್ಲಿರುವುದು ಈ ಕಾರಣಕ್ಕೆ. ಕೂಡಿಸುವುದಾದರೆ ಈಗ 80 ತರಿಸಿ, ಬೇಕಾದರೆ ಜೂನ್‌ನಲ್ಲಿ 20 ತರಿಸಬಹುದು. ಅಟ್ಟದ ತೊಂದರೆ ಹೋಲ್‌ಸೇಲಿನವರ ಗೋಡೌನಿನಲ್ಲೇ ಇರಲಿ.

ಹಣ ಕಟ್ಟುವ ವಿಷಯಕ್ಕೆ ಬಂದರೆ, ಯಜಮಾನರು 45 ದಿನ ಕೇಳಿದ್ದು ಸುಮ್ಮನೆ ಅಲ್ಲ. ಮೇ 10ಕ್ಕೆ ಮಾಲು ಬಂದರೆ 30 ದಿನದ ಗಡುವು ಜೂನ್ 9ಕ್ಕೆ ಮುಗಿಯುತ್ತದೆ. ಆಗಿನ್ನೂ ಮಕ್ಕಳು ಟೈಮ್ ಟೇಬಲ್ ಬರೆದುಕೊಳ್ಳುತ್ತಿರುತ್ತಾರೆ. 45 ದಿನವೆಂದರೆ ಜೂನ್ 24. ಅಷ್ಟರಲ್ಲಿ ಗಲ್ಲದಲ್ಲಿ ದುಡ್ಡು ಓಡಾಡುತ್ತಿರುತ್ತದೆ. ಆದರೆ ಹೋಲ್‌ಸೇಲಿನವರು 30 ದಿನಕ್ಕೇ ನಿಂತರು, ಏಳು ದಿನದಲ್ಲಿ ಕಟ್ಟಿದರೆ ಬಿಲ್ಲಿನಲ್ಲಿ ಎರಡು ಪರ್ಸೆಂಟ್ ಬಿಡುತ್ತೇವೆ ಎಂದರು ಎಂದುಕೊಳ್ಳಿ. ನೂರು ಡಜನ್ನಿನ ಬಿಲ್ಲಿನಲ್ಲಿ ಅದು 979 ರೂಪಾಯಿ. (32ಕ್ಕೆ 2 ಕೂಡಿಸಿ 34 ಎನ್ನಬೇಡಿ. ಎರಡು ಪರ್ಸೆಂಟು ಉಳಿದ ಮೊತ್ತದ ಮೇಲೆ.) ಈ 979ಕ್ಕಾಗಿ ಹಣವನ್ನು 23 ದಿನ ಮುಂಚೆ ಕೊಡಬೇಕು. ಕೈಯಲ್ಲಿ ದುಡ್ಡಿದ್ದರೆ ಯೋಚನೆಯೇ ಬೇಡ. ಇಲ್ಲದಿದ್ದರೆ ಸಾಲದ ಬಡ್ಡಿ ನೋಡಬೇಕು. ವರ್ಷಕ್ಕೆ 18 ಪರ್ಸೆಂಟಿನ ಬ್ಯಾಂಕ್ ಸಾಲದಿಂದ ಕಟ್ಟಿದರೆ 23 ದಿನಕ್ಕೆ ಬಡ್ಡಿ ಸುಮಾರು 544. ಇನ್ನೂ ನಾನೂರು ಚಿಲ್ಲರೆ ಉಳಿಯುತ್ತದೆ. ಊರಿನಲ್ಲಿ ಸಿಗುವ ಮೂರು ರೂಪಾಯಿ ಬಡ್ಡಿಯ ಕೈಸಾಲ ತಂದರೆ 1,100 ಹೋಗುತ್ತದೆ. ರಿಯಾಯಿತಿ ತಗೊಂಡು ನಷ್ಟ. 45 ದಿನವೇ ಸಿಕ್ಕಿದ್ದರೆ ಬ್ಯಾಂಕ್ ಸಾಲದಲ್ಲೂ ಬಡ್ಡಿ 900ರ ಹತ್ತಿರ ಬರುತ್ತಿತ್ತು, ಆಗ ಬೇಗ ಕಟ್ಟುವ ಗಡಿಬಿಡಿಯೇ ಬೇಕಿರಲಿಲ್ಲ.

ಇಲ್ಲಿ ಕೈಕೊಡುವುದು ದಿನದ ಎಣಿಕೆ. ಬಿಲ್ಲು ಸೋಮವಾರ ಆಗಿ, ಲಾರಿ ಆಫೀಸಿನಲ್ಲಿ ಎರಡು ದಿನ ಕೂತು, ಮಾಲು ಶುಕ್ರವಾರ ಬಂದರೆ ಏಳರಲ್ಲಿ ನಾಲ್ಕು ದಿನ ಆಗಲೇ ಹೋಯಿತು. ಎಣಿಸಿ, ಬಿಚ್ಚಿ ನೋಡುವುದಕ್ಕೆ ಮುಂಚೆ ಹಣ ಕಳಿಸಬೇಕಾಗುತ್ತದೆ.

“ಜಿಎಸ್‌ಟಿ ನೋಂದಣಿ ಇಲ್ಲ” ಎಂಬ ಸಾಲನ್ನು ಕೆಲವರು ಸಂಕೋಚದಿಂದ ಬಿಟ್ಟುಬಿಡುತ್ತಾರೆ. ನೋಟ್‌ಬುಕ್ಕಿನ ಮಟ್ಟಿಗೆ ಅದರಿಂದ ವ್ಯತ್ಯಾಸವಿಲ್ಲ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರುಗಳ ಮೇಲಿನ ಜಿಎಸ್‌ಟಿ ಸೊನ್ನೆಯಾಗಿದೆ. ಪೆನ್ನಿಗೆ 18 ಪರ್ಸೆಂಟ್ ಹಾಗೇ ಉಳಿದಿದೆ. ನೋಂದಾಯಿಸಿದ ಅಂಗಡಿಯವರು 100 ರೂಪಾಯಿಯ ಪೆನ್ನಿಗೆ ಕೊಟ್ಟ 18ನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ನೋಂದಣಿ ಇಲ್ಲದವರಿಗೆ, ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ ಆ ದಾರಿಯಿಲ್ಲ. ಅವರಿಗೆ ಪೆನ್ನಿನ ಅಸಲು 118. “ಟ್ಯಾಕ್ಸ್ ಎಕ್ಸ್‌ಟ್ರಾ” ಎಂದು ಬರೆದ ಕೊಟೇಶನ್ನನ್ನು ಇವರು ತೆರಿಗೆ ಸೇರಿಸಿಯೇ ಓದಬೇಕು.

ಉತ್ತರ ಬಂದ ಮೇಲೆ ವ್ಯಾಪಾರ ಕುದುರಿತು ಎಂದು ಅಂಗಡಿಯವರು ನಿರಾಳವಾಗುವುದುಂಟು. ಕಾನೂನು ಹಾಗೆ ನೋಡುವುದಿಲ್ಲ. ಲಾ ಕಾಲೇಜಿನ ಹುಡುಗರು ಓದುವ ಹಾರ್ವೆ ಮತ್ತು ಫೇಸಿ ಮೊಕದ್ದಮೆ 1893ರದ್ದು, ಜಮೈಕಾದ ಒಂದು ಜಮೀನಿನದು. ಜಮೀನನ್ನು ಮಾರುತ್ತೀರಾ, ಕಡಿಮೆಯೆಂದರೆ ಎಷ್ಟಕ್ಕೆ ಎಂದು ತಂತಿ ಹೋಯಿತು. ಒಂಬೈನೂರು ಪೌಂಡ್ ಎಂದು ಬೆಲೆಯಷ್ಟೇ ಹೇಳಿ ಮಾರುತಂತಿ ಬಂತು. ಕೊಳ್ಳುವವರು ಒಪ್ಪಿಗೆ ಎಂದರು. ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿದ್ದು, ಬೆಲೆ ತಿಳಿಸಿದ ಮಾತ್ರಕ್ಕೆ ಮಾರಲು ಒಪ್ಪಿದಂತಾಗಲಿಲ್ಲ ಎಂದು. ಅವೆನ್ಯೂ ರಸ್ತೆಯ ಕೊಟೇಶನ್ನೂ ಸಾಮಾನ್ಯವಾಗಿ ಅಷ್ಟೇ. ಕಾಗದದ ಬೆಲೆ ಏರಿದರೆ ಮೇ ತಿಂಗಳಲ್ಲಿ “ಆ ರೇಟು ಈಗಿಲ್ಲ ಸಾರ್” ಎನ್ನಬಹುದು. ಅದಕ್ಕೇ ಏಪ್ರಿಲ್ 15ಕ್ಕೆ ಮುಂಚೆ ಇನ್ನೊಂದು ಕಾಗದ ಹೋಗಬೇಕು: ನಿಮ್ಮ ಇಂಥ ತಾರೀಖಿನ ಕೊಟೇಶನ್ನಿನ ಪ್ರಕಾರ ಇಷ್ಟು ಡಜನ್, ಇಷ್ಟು ದರಕ್ಕೆ, ಈ ತಾರೀಖಿನೊಳಗೆ ಕಳಿಸಿ. ಅವರಿಂದ “ಆರ್ಡರ್ ಒಪ್ಪಿದ್ದೇವೆ” ಎಂಬ ಒಂದು ಸಾಲು ಬರಬೇಕು.

ಮೇ ಎರಡನೇ ವಾರ ಲಾರಿ ಆಫೀಸಿನಿಂದ ಫೋನ್ ಬರುತ್ತದೆ. ಯಜಮಾನರು ಮಗನನ್ನು ಕಳಿಸುವಾಗ ಬಿಲ್ಲಿನ ಜೊತೆ ಆ ಮೂರೂ ಕಾಗದಗಳನ್ನು ಕೈಗೆ ಕೊಡುತ್ತಾರೆ. “ಕಟ್ಟು ಎಣಿಸಿ ಆಮೇಲೆ ಸೈನ್ ಹಾಕಪ್ಪ. ಒಂದು ಕಟ್ಟು ಬಿಚ್ಚಿ ಪುಟ ಎಷ್ಟಿದೆ ನೋಡು.”