ಬೆರಳಿನ ನೆನಪು ಕೈಕೊಟ್ಟಾಗ

ಮನೆಯಲ್ಲಿ ಒಂದು ತಪ್ಪೂ ಇಲ್ಲದೆ ನುಡಿಸುತ್ತಿದ್ದ ವರ್ಣ ವೇದಿಕೆಯ ಮೇಲೆ ನಡುವೆಯೇ ನಿಂತುಬಿಡುತ್ತದೆ. ಅಭ್ಯಾಸ ಸಾಲಲಿಲ್ಲ ಎಂದು ಮನೆಯವರು ಬೇಸರಪಡುತ್ತಾರೆ. ಆದರೆ ಬಹಳಷ್ಟು ಸಲ ಕೊರತೆ ಇರುವುದು ಅಭ್ಯಾಸದ ಗಂಟೆಗಳಲ್ಲಲ್ಲ, ಬಾಯಿಪಾಠ ಮಾಡಿದ ಬಗೆಯಲ್ಲಿ.

ವೀಣೆ ಕಲಿಯುವ ಹುಡುಗಿಯೊಬ್ಬಳು ಮೊದಲ ಸಲ ಸಭೆಯ ಮುಂದೆ ಕೂರುತ್ತಾಳೆ ಎಂದುಕೊಳ್ಳಿ. ನುಡಿಸಬೇಕಾದದ್ದು ಪೂಚಿ ಶ್ರೀನಿವಾಸ ಅಯ್ಯಂಗಾರರ ಮೋಹನ ರಾಗದ ಆದಿತಾಳ ವರ್ಣ, 'ನಿನ್ನುಕೋರಿ'. ಪಲ್ಲವಿ, ಅನುಪಲ್ಲವಿ, ಮುಕ್ತಾಯಿ ಸ್ವರ ಮುಗಿದ ಮೇಲೆ ಚರಣ ಬರುತ್ತದೆ. ಅಲ್ಲಿಂದ ಒಂದೊಂದೇ ಎತ್ತುಗಡೆ ಸ್ವರ ನುಡಿಸಿ, ಪ್ರತಿ ಸಲವೂ ಚರಣದ ಸಾಲಿಗೇ ಮರಳಬೇಕು. ಮೋಹನದಲ್ಲಿ ಇರುವುದು ಐದೇ ಸ್ವರ: ಸ, ರಿ, ಗ, ಪ, ದ. ಹಾಗಾಗಿ ಒಂದೇ ಬಗೆಯ ಸ್ವರಗುಚ್ಛ ಬೇರೆಬೇರೆ ಕಡೆ ಮತ್ತೆ ಮತ್ತೆ ಎದುರಾಗುತ್ತದೆ. ಇವು ಕವಲುದಾರಿಗಳು. ಬೆರಳು ಒಂದರ ಬದಲು ಇನ್ನೊಂದನ್ನು ಹಿಡಿದರೆ ಎರಡನೆಯ ಎತ್ತುಗಡೆಯಲ್ಲಿ ಹೊರಟವಳು ನಾಲ್ಕನೆಯದರ ಬಾಲದಲ್ಲಿ ಇರುತ್ತಾಳೆ. ಚರಣಕ್ಕೆ ಮರಳಿದಾಗ ಮುಂದಿನದು ಯಾವುದು ಎಂಬುದೂ ಗೊಂದಲ.

ಬೆರಳಿನ ನೆನಪು ಸರಪಳಿಯ ಹಾಗೆ ನಡೆಯುತ್ತದೆ, ಪ್ರತಿ ಸ್ವರವೂ ತನ್ನ ಮುಂದಿನದನ್ನು ಎಳೆದು ತರುತ್ತದೆ. ಅದು ವೇಗವಾದದ್ದು, ಇಲ್ಲದೆ ವಾದನವೇ ಇಲ್ಲ. ಆದರೆ ಎಲ್ಲೋ ಒಂದು ಕೊಂಡಿ ಕಳಚಿದರೆ ಮೊದಲಿನಿಂದ ಶುರುಮಾಡುವುದು ಬಿಟ್ಟು ಬೇರೆ ದಾರಿ ಅದಕ್ಕೆ ಗೊತ್ತಿಲ್ಲ. ಅಂಜಿಕೆಯಾದಾಗ ನಾವು ಬೆರಳನ್ನೇ ದಿಟ್ಟಿಸಿ ಕಾಯಲು ತೊಡಗುತ್ತೇವೆ. ತಾನಾಗಿ ಸಾಗುತ್ತಿದ್ದ ಕೆಲಸ ಆಗಲೇ ತೊಡರುವುದು.

ಆದ್ದರಿಂದ ವರ್ಣಕ್ಕೆ ಒಳಹೋಗುವ ಬಾಗಿಲು ಹಲವು ಇರಬೇಕು. ಕೊನೆಯ ಎತ್ತುಗಡೆ ಸ್ವರವನ್ನು ಮೊದಲು ಗಟ್ಟಿ ಮಾಡಿ, ಆಮೇಲೆ ಅದಕ್ಕಿಂತ ಹಿಂದಿನದು, ಹೀಗೆ ಹಿಂದಕ್ಕೆ ಬರುವುದು ಒಳ್ಳೆಯದು. ಆಗ ಮುಂದೆ ಸಾಗಿದಂತೆ ಹೆಚ್ಚು ಪರಿಚಿತವಾದ ಭಾಗವೇ ಸಿಗುತ್ತದೆ. ಬಳಿಕ ವೀಣೆಯನ್ನು ಪಕ್ಕಕ್ಕಿಟ್ಟು, ಕೈಯಲ್ಲಿ ತಾಳ ಹಾಕುತ್ತಾ ಸ್ವರಗಳನ್ನು ಬಾಯಿಬಿಟ್ಟು ಹಾಡಬೇಕು. ಪೆಟ್ಟು, ಬೆರಳೆಣಿಕೆ, ಹುಸಿ ಯಾವುದರ ಮೇಲೆ ಯಾವ ಸ್ವರ ಬೀಳುತ್ತದೆಂದು ತಿಳಿಯುವುದು ಇಲ್ಲಿಯೇ. ಹಾಡಲು ತಡವರಿಸಿದ ಜಾಗ ಬೆರಳಿಗೆ ಮಾತ್ರ ಗೊತ್ತಿರುವ ಜಾಗ, ಅದಕ್ಕೊಂದು ಗುರುತು ಹಾಕಿಕೊಳ್ಳಿ. ಒಂದೇ ತೆರನಾಗಿ ಶುರುವಾಗುವ ಎರಡು ಸಾಲುಗಳನ್ನು ಒಂದರ ಬೆನ್ನಿಗೆ ಇನ್ನೊಂದು ನುಡಿಸಿ, ಅವು ಬೇರೆಯಾಗುವ ಸ್ವರ ಯಾವುದೆಂದು ಗಟ್ಟಿಯಾಗಿ ಹೇಳಿಕೊಳ್ಳಿ.

ನೆನಪು ನಿಜಕ್ಕೂ ನಿಂತಿದೆಯೇ ಎಂದು ತಿಳಿಯಲು ಹತ್ತನೆಯ ಸುತ್ತು ಸಾಕ್ಷಿಯಲ್ಲ. ಬೆಳಿಗ್ಗೆ ಎದ್ದು, ಬೆರಳು ಬಿಸಿಯಾಗುವ ಮೊದಲೇ, ಒಂದೇ ಒಂದು ಸಲ ನುಡಿಸಿ ನೋಡಿ. ವೇದಿಕೆಯಲ್ಲಿ ಸಿಗುವುದೂ ಆ ಒಂದೇ ಸಲ ತಾನೆ? "ಮೂರನೇ ಎತ್ತುಗಡೆ ಹಿಡಿಯಮ್ಮ" ಎಂದು ಗುರುಗಳು ಥಟ್ಟನೆ ಕೇಳಿದಾಗ ಮುಂದಿನ ತಾಳಕ್ಕೆ ಎತ್ತಿಕೊಳ್ಳುವಂತಿದ್ದರೆ ಪಾಠ ಕೂತಿದೆ ಎಂದರ್ಥ.

ಇನ್ನು ಅಂಜಿಕೆಯ ಮಾತು. ಅಪಾಯ ಬಂತೆಂದು ತಿಳಿದ ಮೈ ಅಡ್ರಿನಲಿನ್ ಸುರಿಸುತ್ತದೆ. ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಚರ್ಮದ ರಕ್ತನಾಳ ಕುಗ್ಗಿ ಬೆರಳು ತಣ್ಣಗಾಗುತ್ತದೆ. ವೀಣೆಯವರಿಗೆ ಇದು ದೊಡ್ಡ ಕಷ್ಟ. ತಣ್ಣಗಿನ ಬೆರಳಿಗೆ ತಂತಿ ಎಳೆಯುವ ಗಮಕದ ಅಳತೆ ಸಿಗುವುದಿಲ್ಲ, ಬೆವರಿನ ಬೆರಳು ಜಾರುತ್ತದೆ. ಬೆಚ್ಚನೆಯ ನೀರಿನಲ್ಲಿ ಕೈ ಅದ್ದಿ ಒರೆಸಿಕೊಳ್ಳುವುದು, ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಬಿಡುವುದು, ಇವೆರಡೂ ನೆರವಾಗುತ್ತವೆ. ಕೆಲವರು ಪ್ರೊಪ್ರನಲಾಲ್ ಮಾತ್ರೆಯನ್ನೂ ನುಂಗುತ್ತಾರೆ. ಅದು ಕೈನಡುಕ ತಗ್ಗಿಸುವುದು ನಿಜ, ಆದರೆ ಆಸ್ತಮಾ ಇರುವವರಿಗೆ ಅಪಾಯಕಾರಿ. ಗೆಳತಿ ಕೊಟ್ಟಳೆಂದು ತೆಗೆದುಕೊಳ್ಳುವ ಮಾತ್ರೆ ಅದಲ್ಲ, ವೈದ್ಯರನ್ನೇ ಕೇಳಬೇಕು.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಕಾಲಪ್ರಮಾಣ. ಎದೆ ಓಡುವಾಗ ಮಾಮೂಲಿ ವೇಗವೂ ನಿಧಾನವೆನಿಸಿ, ಪಲ್ಲವಿಯನ್ನು ತುಸು ಬಿರುಸಾಗಿ ಎತ್ತಿಕೊಂಡುಬಿಡುತ್ತೇವೆ. ಮೊದಲ ಕಾಲದಲ್ಲಿ ಅದು ಗೊತ್ತೇ ಆಗುವುದಿಲ್ಲ. ಎರಡನೆಯ ಕಾಲದ ಮುಕ್ತಾಯಿ ಸ್ವರಕ್ಕೆ ಬಂದಾಗ ಆ ತುಸುವೇ ಇಮ್ಮಡಿಯಾಗಿ, ಮೀಟು ಎಡಗೈಗೆ ಹೊಂದದೆ ಮುರಿಯುತ್ತದೆ. ಹೀಗಾಗಿ ಶುರುಮಾಡುವ ಮುನ್ನ ಪಲ್ಲವಿಯನ್ನಲ್ಲ, ಎರಡನೆಯ ಕಾಲದ ಮುಕ್ತಾಯಿ ಸ್ವರದ ಒಂದು ಆವರ್ತವನ್ನು ಮನಸ್ಸಿನಲ್ಲೇ ಹಾಡಿಕೊಳ್ಳಬೇಕು. ಅದು ಆರಾಮಾಗಿ ಸಾಗುವ ವೇಗವೇ ಇಡೀ ವರ್ಣದ ವೇಗ.

ಇಷ್ಟಾದರೂ ನೆನಪು ಕೈಕೊಡಬಹುದು. ಅದಕ್ಕೂ ಮನೆಯಲ್ಲೇ ಅಭ್ಯಾಸ ಬೇಕು. ಎತ್ತುಗಡೆಯ ನಡುವೆ ಬೇಕೆಂದೇ ನಿಲ್ಲಿ. ಬಲಗೈ ಕಿರುಬೆರಳು ತಾಳದ ತಂತಿಗಳನ್ನು ಬಿಡದೆ ಮೀಟುತ್ತಿರಲಿ. ಮುಂದಿನ ಆವರ್ತಕ್ಕೆ ಚರಣದ ಸಾಲನ್ನು ಹಿಡಿಯಿರಿ, ಬಿಟ್ಟುಹೋದದ್ದನ್ನು ಹುಡುಕಿಕೊಂಡು ಹಿಂದಕ್ಕೆ ಹೋಗಬೇಡಿ. ಪ್ರತಿ ಎತ್ತುಗಡೆಯ ಬಳಿಕವೂ ಬರುವ ಆ ಸಾಲು ಎಲ್ಲಕ್ಕಿಂತ ಹೆಚ್ಚು ನುಡಿಸಿದ ಸಾಲು. ಮೃದಂಗದವರೂ ಅದಕ್ಕೇ ಕಾಯುತ್ತಿರುತ್ತಾರೆ, ತಾಳ ತಪ್ಪದಿದ್ದರೆ ಅಲ್ಲಿ ಬಂದು ಕೂಡಿಕೊಳ್ಳುತ್ತಾರೆ.