ಕುಲಗೆಟ್ಟ ಮತವೂ ಚಲಾವಣೆಯಾದ ಮತವೇ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಪುಸ್ತಕಗಳಲ್ಲಿ, ಶೇಕಡಾವಾರು ಅಧ್ಯಾಯದ ಕೊನೆಯ ಭಾಗದಲ್ಲಿ ಚುನಾವಣೆಯ ಲೆಕ್ಕವೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಂಥ ಒಂದು ಲೆಕ್ಕವನ್ನು ಮುಂದಿಟ್ಟುಕೊಳ್ಳೋಣ. ಇಬ್ಬರೇ ಅಭ್ಯರ್ಥಿಗಳಿದ್ದ ಚುನಾವಣೆಯಲ್ಲಿ ಚಲಾವಣೆಯಾದ ಮತಗಳ ಪೈಕಿ ಶೇ 20 ಕುಲಗೆಟ್ಟವು. ಗೆದ್ದ ಅಭ್ಯರ್ಥಿ ಸಿಂಧು ಮತಗಳಲ್ಲಿ ಶೇ 55 ಪಡೆದು 1,200 ಮತಗಳ ಅಂತರದಿಂದ ಗೆದ್ದರು. ಹಾಗಾದರೆ ಚಲಾವಣೆಯಾದ ಒಟ್ಟು ಮತಗಳೆಷ್ಟು? ಸರಿಯುತ್ತರ 15,000. ಆದರೆ ಇದನ್ನು ಬಿಡಿಸುವವರು 30,000, 12,000 ಅಥವಾ 14,400ಕ್ಕೆ ಹೋಗಿ ನಿಲ್ಲುವ ದಾರಿಗಳೂ ಸಲೀಸಾಗಿ ತೆರೆದಿವೆ. ಈ ಮೂರೂ ತಪ್ಪುಗಳು ನೋಡಲು ಬೇರೆ ಬೇರೆ, ಬೇರು ಮಾತ್ರ ಒಂದೇ. ಶೇಕಡಾ ಎಂಬುದು ತನ್ನಷ್ಟಕ್ಕೆ ತಾನೇ ಒಂದು ಸಂಖ್ಯೆ, ಎದುರಿಗೆ ಸಿಕ್ಕ ಇನ್ನೊಂದು ಶೇಕಡಾದ ಜೊತೆ ಅದನ್ನು ಕೂಡಿಸಬಹುದು, ಕಳೆಯಬಹುದು ಎಂಬ ನಂಬಿಕೆ ಆ ಬೇರು. ವಾಸ್ತವದಲ್ಲಿ ‘ಶೇ 55’ ಎಂಬುದು ಅರ್ಧ ವಾಕ್ಯ. ‘ಯಾವುದರ’ ಎಂದು ಕೇಳಿ ಉತ್ತರ ಪಡೆಯುವವರೆಗೆ ಅದಕ್ಕೆ ಬೆಲೆಯೇ ಇಲ್ಲ. ಚುನಾವಣೆಯ ಲೆಕ್ಕದಲ್ಲಿ ಈ ‘ಯಾವುದರ’ ಎಂಬುದಕ್ಕೆ ಮೂರು ಉತ್ತರಗಳಿರಬಹುದು: ಮತದಾರರ ಪಟ್ಟಿಯಲ್ಲಿರುವ ಹೆಸರುಗಳು, ಚಲಾವಣೆಯಾದ ಮತಗಳು, ಮತ್ತು ಕುಲಗೆಟ್ಟವನ್ನು ತೆಗೆದ ಮೇಲೆ ಉಳಿಯುವ ಸಿಂಧು ಮತಗಳು.

ಮೊದಲು ಅಂತರದ ವಿಷಯ. ಗೆಲ್ಲಲು ಅರ್ಧ ದಾಟಬೇಕು, ಶೇ 55 ಅಂದರೆ ಅರ್ಧಕ್ಕಿಂತ 5 ಹೆಚ್ಚು, ಆದ್ದರಿಂದ 1,200 ಎಂದರೆ ಶೇ 5 ಎಂದು ಹಲವರು ಎಣಿಸುತ್ತಾರೆ. ಇಲ್ಲಿಂದ ಸಿಂಧು ಮತ 24,000, ಒಟ್ಟು 30,000 ಎಂಬ ಉತ್ತರ ಹುಟ್ಟುತ್ತದೆ, ನಿಜಕ್ಕೆ ಸರಿಯಾಗಿ ಎರಡು ಪಟ್ಟು. ಗೆಲುವಿನ ಅಂತರವನ್ನು ಅಳೆಯುವುದು ಅರ್ಧದ ಗೆರೆಯಿಂದಲ್ಲ, ಸೋತವರ ಮತದಿಂದ. ಇಬ್ಬರೇ ಇರುವಾಗ ಗೆದ್ದವರು ಅರ್ಧದಿಂದ 5 ಮೇಲಕ್ಕೆ ಹೋದರೆ ಸೋತವರು ಅರ್ಧದಿಂದ 5 ಕೆಳಕ್ಕೆ ಇಳಿದಿರುತ್ತಾರೆ. ಒಂದು ಮತ ಈ ಕಡೆಯಿಂದ ಆ ಕಡೆಗೆ ಹೋದರೆ ಅಂತರ ಒಂದಲ್ಲ, ಎರಡು ಬದಲಾಗುತ್ತದೆ. ಹಾಗಾಗಿ 55ರಿಂದ 45 ಕಳೆದು, ಅಂತರ ಸಿಂಧು ಮತಗಳ ಶೇ 10 ಎಂದು ತಿಳಿಯಬೇಕು. ಶೇ 10 ಎಂದರೆ 1,200, ಆದ್ದರಿಂದ ಸಿಂಧು ಮತ 12,000. ಕೆಲವರು ಇಷ್ಟಕ್ಕೇ ಪೆನ್ನು ಕೆಳಗಿಡುತ್ತಾರೆ. ಅವರ ಮನಸ್ಸಿನಲ್ಲಿ ಕುಲಗೆಟ್ಟ ಮತ ಮತವೇ ಅಲ್ಲ. ಎಣಿಕೆಯಲ್ಲಿ ಅದು ಯಾರಿಗೂ ಸೇರುವುದಿಲ್ಲ ಎಂಬುದು ನಿಜ. ಆದರೆ ಮತದಾರ ಮತಗಟ್ಟೆಗೆ ಬಂದಿದ್ದಾನೆ, ಮತಪತ್ರ ಪಡೆದಿದ್ದಾನೆ, ಅದನ್ನು ಪೆಟ್ಟಿಗೆಗೆ ಹಾಕಿದ್ದಾನೆ. ಚಲಾವಣೆ ಅಲ್ಲಿಗೇ ಮುಗಿಯಿತು. ಇಬ್ಬರಿಗೂ ಗುರುತು ಹಾಕಿದ್ದಾನೆ ಅಥವಾ ಗುರುತನ್ನೇ ಹಾಕಿಲ್ಲ ಎಂದು ಆ ಮತಪತ್ರವನ್ನು ತಿರಸ್ಕರಿಸುವುದು ಆಮೇಲಿನ ಕೆಲಸ. ಚಲಾವಣೆಯಾಗದ ಮತ ಕುಲಗೆಡುವುದೂ ಸಾಧ್ಯವಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ನಯವಾದದ್ದು, ಚೆನ್ನಾಗಿ ಓದಿಕೊಂಡವರನ್ನೂ ಬೀಳಿಸುವಂಥದ್ದು. ಸಿಂಧು ಮತ 12,000 ಎಂದು ಸರಿಯಾಗಿಯೇ ಕಂಡುಕೊಂಡು, ಶೇ 20 ಕುಲಗೆಟ್ಟಿದ್ದರಿಂದ 12,000ಕ್ಕೆ ಅದರ ಶೇ 20, ಅಂದರೆ 2,400 ಸೇರಿಸಿ 14,400 ಎನ್ನುತ್ತಾರೆ. ಶೇ 20 ತೆಗೆದಿದ್ದನ್ನು ಶೇ 20 ಸೇರಿಸಿ ತುಂಬಬಹುದು ಎಂಬ ನಂಬಿಕೆ ಇದು. ಆದರೆ ತೆಗೆದ ಶೇ 20 ದೊಡ್ಡ ರಾಶಿಯದು, ಸೇರಿಸಿದ ಶೇ 20 ಸಣ್ಣ ರಾಶಿಯದು. ಎರಡೂ ಒಂದೇ ಆಗುವುದು ಹೇಗೆ? 14,400ರಲ್ಲಿ ಶೇ 20 ತೆಗೆದರೆ ಉಳಿಯುವುದು 11,520, ನಮ್ಮ 12,000 ಅಲ್ಲ. ಸರಿಯಾದ ದಾರಿ ಹೀಗಿದೆ: ಚಲಾವಣೆಯಾದ ನೂರು ಮತಗಳಲ್ಲಿ 80 ಸಿಂಧು. ಆದ್ದರಿಂದ 12,000 ಎಂಬುದು ನೂರರಲ್ಲಿ 80 ಭಾಗ. 12,000ವನ್ನು 80ರಿಂದ ಭಾಗಿಸಿ 100ರಿಂದ ಗುಣಿಸಿದರೆ 15,000. ಈಗ ಮೇಲಿನಿಂದ ಕೆಳಕ್ಕೆ ಇಳಿದು ನೋಡಿದರೆ ಕುಲಗೆಟ್ಟವು 3,000, ಸಿಂಧು 12,000, ಗೆದ್ದವರಿಗೆ 6,600, ಸೋತವರಿಗೆ 5,400, ಅಂತರ 1,200. ಎಲ್ಲವೂ ತಾಳೆಯಾಗುತ್ತದೆ. ಹೀಗೆ ತಾಳೆ ನೋಡಲು ಹಿಡಿಯುವುದು ಕಾಲು ನಿಮಿಷ, ಮೇಲಿನ ಮೂರು ತಪ್ಪುಗಳಲ್ಲಿ ಒಂದೂ ಈ ಜರಡಿಯಿಂದ ತಪ್ಪಿಸಿಕೊಳ್ಳುವುದಿಲ್ಲ.

ಇದೇ ಚುನಾವಣೆಯನ್ನು ಇನ್ನೊಂದು ಮಾತಿನಲ್ಲಿ ಹೇಳಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ‘ಶೇ 20 ಕುಲಗೆಟ್ಟವು, ಗೆದ್ದವರು ಚಲಾವಣೆಯಾದ ಒಟ್ಟು ಮತಗಳಲ್ಲಿ ಶೇ 44 ಪಡೆದು 1,200 ಅಂತರದಿಂದ ಗೆದ್ದರು’ ಎಂದು ಕೇಳಲಾಗಿದೆ ಎನ್ನೋಣ. ಶೇ 44 ಪಡೆದವರು ಇಬ್ಬರ ಸ್ಪರ್ಧೆಯಲ್ಲಿ ಗೆಲ್ಲುವುದು ಹೇಗೆ, ಪ್ರಶ್ನೆಯೇ ತಪ್ಪಿರಬೇಕು ಎಂದು ಅನ್ನಿಸುವುದು ಸಹಜ. ಪ್ರಶ್ನೆ ತಪ್ಪಿಲ್ಲ. ನೂರರಲ್ಲಿ 20 ಯಾರಿಗೂ ಸೇರದೆ ಹೋಗಿವೆ, 44 ಗೆದ್ದವರಿಗೆ, ಉಳಿದ 36 ಸೋತವರಿಗೆ. ಅಂತರ ಚಲಾವಣೆಯಾದ ಮತಗಳ ಶೇ 8, ಅದು 1,200, ಒಟ್ಟು ಮತ್ತೆ ಅದೇ 15,000. ಇಲ್ಲಿ 80ರಿಂದ ಭಾಗಿಸುವ ಹಂತವೇ ಬೇಡ, ಏಕೆಂದರೆ ಶೇಕಡಾಗಳೆಲ್ಲ ಮೊದಲಿನಿಂದಲೂ ಚಲಾವಣೆಯಾದ ಮತಗಳ ಮೇಲೆಯೇ ನಿಂತಿವೆ. ಎರಡು ಪ್ರಶ್ನೆಗಳಲ್ಲಿ ಮತಪೆಟ್ಟಿಗೆ ಬದಲಾಗಿಲ್ಲ, ಅಳತೆಯ ಬುಡ ಮಾತ್ರ ಬದಲಾಗಿದೆ.

ಪಟ್ಟಿಯ ಮತದಾರರು ಬಂದಾಗ ಇನ್ನೊಂದು ಮೆಟ್ಟಿಲು ಸೇರುತ್ತದೆ. ಇದೇ ಚುನಾವಣೆಯಲ್ಲಿ ಶೇ 25 ಮತದಾರರು ಮತ ಹಾಕಲೇ ಇಲ್ಲ, ಪಟ್ಟಿಯಲ್ಲಿರುವವರು ಎಷ್ಟು ಎಂದು ಕೇಳಿದರೆ, 25 ಮತ್ತು 20 ಕೂಡಿಸಿ 45, ಆದ್ದರಿಂದ ಸಿಂಧು ಮತ ಪಟ್ಟಿಯ ಶೇ 55 ಎಂದು ಬರೆಯುವವರಿದ್ದಾರೆ. ಆಗ 12,000ವನ್ನು 55ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 21,818 ದಾಟಿ ಒಂದು ಭಿನ್ನರಾಶಿ ಉಳಿಯುತ್ತದೆ. ಮತದಾರರ ಸಂಖ್ಯೆಯಲ್ಲಿ ಭಿನ್ನರಾಶಿ ಬಂತೆಂದರೆ ಎಲ್ಲೋ ಬುಡ ತಪ್ಪಿದೆ ಎಂದೇ ಅರ್ಥ. ನಿಜದಲ್ಲಿ ಮತ ಹಾಕಿದವರು ಪಟ್ಟಿಯ ಶೇ 75, ಆ 75ರಲ್ಲಿ ಮಾತ್ರ ಶೇ 20 ಕುಲಗೆಟ್ಟಿದೆ, ಅಂದರೆ ಪಟ್ಟಿಯ ಶೇ 15. ಸಿಂಧು ಮತ ಪಟ್ಟಿಯ ಶೇ 60, ಪಟ್ಟಿ 20,000. ಮತ ಹಾಕದವನ ಮತ ಕುಲಗೆಡುವುದಿಲ್ಲ ಎಂಬ ಸರಳ ಸಂಗತಿಯನ್ನು ಕೂಡಿಸುವ ಅವಸರ ಮರೆಸಿಬಿಡುತ್ತದೆ.

ಇಷ್ಟೆಲ್ಲ ಯೋಚನೆ ಯಾಕೆ, ಸೂತ್ರವೊಂದನ್ನು ಬಾಯಿಪಾಠ ಮಾಡಿದರೆ ಸಾಲದೇ ಎಂಬ ಆಕ್ಷೇಪಕ್ಕೆ ಬಲವಿದೆ. ಪರೀಕ್ಷೆಯಲ್ಲಿ ಸಮಯ ಕಡಿಮೆ. ಗೆದ್ದವರ ಶೇಕಡಾವನ್ನು ದ್ವಿಗುಣಗೊಳಿಸಿ 100 ಕಳೆ, ಅಂತರವನ್ನು ಅದರಿಂದ ಭಾಗಿಸು, ಆಮೇಲೆ ಸಿಂಧು ಶೇಕಡಾದಿಂದ ಭಾಗಿಸು ಎಂಬ ಸೂತ್ರ ನಮ್ಮ ಮೊದಲ ಪ್ರಶ್ನೆಗೆ ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ಅದರ ಒಳಗೆ ಎರಡು ಷರತ್ತುಗಳು ಅಡಗಿವೆ: ಅಭ್ಯರ್ಥಿಗಳು ಇಬ್ಬರೇ, ಮತ್ತು ಗೆದ್ದವರ ಶೇಕಡಾ ಸಿಂಧು ಮತಗಳದ್ದು. ಮೂವರಿರುವಾಗ ಗೆದ್ದವರಿಗೆ ಶೇ 45, ಎರಡನೆಯವರಿಗೆ ಶೇ 35 ಬಂದರೆ ಸೂತ್ರ ಋಣಸಂಖ್ಯೆ ಕೊಡುತ್ತದೆ, ಕನಿಷ್ಠ ತಪ್ಪು ಕಣ್ಣಿಗೆ ಬೀಳುತ್ತದೆ. ಗೆದ್ದವರಿಗೆ ಶೇ 52, ಎರಡನೆಯವರಿಗೆ ಶೇ 30 ಬಂದಾಗ ಮಾತ್ರ ಅಪಾಯ. ಸೂತ್ರ ಸದ್ದಿಲ್ಲದೆ ಅಂತರ ಶೇ 4 ಎನ್ನುತ್ತದೆ, ನಿಜವಾದ ಅಂತರ ಶೇ 22. ಸೂತ್ರವನ್ನು ಬಳಸಬಾರದೆಂದಲ್ಲ, ಅದು ಯಾವ ಬುಡದ ಮೇಲೆ ನಿಂತಿದೆ ಎಂದು ತಿಳಿದವರ ಕೈಯಲ್ಲಿ ಮಾತ್ರ ಅದು ಸುರಕ್ಷಿತ.

ಈಗ ಮತಯಂತ್ರ ಬಂದಿದೆ, ಅದರಲ್ಲಿ ಎರಡು ಗುರುತು ಹಾಕುವ ದಾರಿಯೇ ಇಲ್ಲ, ಕುಲಗೆಟ್ಟ ಮತದ ಲೆಕ್ಕ ಹಳೆಯ ಕಾಲದ್ದು ಎಂಬ ಇನ್ನೊಂದು ಆಕ್ಷೇಪವನ್ನು ಒಪ್ಪಲಾಗದು. ಅಂಚೆ ಮತಗಳು ಇಂದಿಗೂ ಕಾಗದದ ಮೇಲಿವೆ. ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ, ರಾಜ್ಯಸಭೆಯಲ್ಲಿ ಪ್ರಾಶಸ್ತ್ಯದ ಅಂಕೆ ಬರೆಯುವ ಮತಪತ್ರವೇ ನಡೆಯುತ್ತದೆ. ಕುಲಗೆಟ್ಟ ಮತ ಲೆಕ್ಕದ ಬುಡವನ್ನು ಹೇಗೆ ಕದಲಿಸುತ್ತದೆ ಎಂಬುದಕ್ಕೆ 2017ರ ಆಗಸ್ಟ್ 8ರ ಗುಜರಾತ್ ರಾಜ್ಯಸಭಾ ಚುನಾವಣೆಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಮೂರು ಸ್ಥಾನಗಳಿಗೆ 176 ಶಾಸಕರು ಮತ ಹಾಕಿದರು. ಇಬ್ಬರು ಶಾಸಕರು ತಮ್ಮ ಮತಪತ್ರವನ್ನು ಅಧಿಕೃತ ಏಜೆಂಟರಲ್ಲದವರಿಗೆ ತೋರಿಸಿದರೆಂದು ಚುನಾವಣಾ ಆಯೋಗ ಆ ಎರಡು ಮತಗಳನ್ನು ಅಸಿಂಧುಗೊಳಿಸಿತು, ಸಿಂಧು ಮತ 174 ಆಯಿತು. ಅಮಿತ್ ಶಾ ಮತ್ತು ಸ್ಮೃತಿ ಇರಾನಿ ತಲಾ 46, ಅಹ್ಮದ್ ಪಟೇಲ್ 44, ಬಲವಂತಸಿಂಹ ರಜಪೂತ್ 38 ಮತ ಪಡೆದರು.

ನಿಯಮದಂತೆ ಪ್ರತಿ ಮತಕ್ಕೆ 100 ಮೌಲ್ಯ. ಒಟ್ಟು ಮೌಲ್ಯವನ್ನು ಸ್ಥಾನಗಳಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ, ಇಲ್ಲಿ 4ರಿಂದ, ಭಾಗಿಸಿ 1 ಸೇರಿಸಿದರೆ ಗೆಲುವಿನ ಕೋಟಾ. 176 ಮತಗಳೂ ಸಿಂಧುವಾಗಿದ್ದರೆ ಕೋಟಾ 4,401, ಪಟೇಲರ 44 ಮತಗಳ ಮೌಲ್ಯ 4,400. ಒಂದೇ ಒಂದು ಕಡಿಮೆ, ಮೊದಲ ಸುತ್ತಿನಲ್ಲೇ ಆಯ್ಕೆ ಸಾಧ್ಯವಿರಲಿಲ್ಲ. 174ಕ್ಕೆ ಇಳಿದಾಗ ಕೋಟಾ 4,351 ಆಯಿತು, ಅದೇ 4,400 ಸಾಕಾಯಿತು, ಅವರು ಆಯ್ಕೆಯಾದರು. ಚಲಾವಣೆಯಾದ ಮತಗಳ ಲೆಕ್ಕದಲ್ಲಿ ಅವರದು ಸರಿಯಾಗಿ ಶೇ 25, ಸಿಂಧು ಮತಗಳ ಲೆಕ್ಕದಲ್ಲಿ ಸುಮಾರು ಶೇ 25.29. ಅವರಿಗೆ ಹೊಸದಾಗಿ ಒಂದು ಮತವೂ ಸೇರಲಿಲ್ಲ, ‘ಯಾವುದರ’ ಎಂಬುದರ ಉತ್ತರ ಬದಲಾಯಿತು ಅಷ್ಟೆ.

ಕೊನೆಯದಾಗಿ, ತಪ್ಪು ಯಾವಾಗಲೂ ವಿದ್ಯಾರ್ಥಿಯದೇ ಎಂದು ತಿಳಿಯುವುದೂ ಒಂದು ತಪ್ಪು ಕಲ್ಪನೆ. ‘ಶೇ 20 ಕುಲಗೆಟ್ಟವು, ಗೆದ್ದವರು ಶೇ 55 ಮತ ಪಡೆದು 1,200 ಅಂತರದಿಂದ ಗೆದ್ದರು’ ಎಂದಷ್ಟೇ ಬರೆದ ಪ್ರಶ್ನೆಯನ್ನು ನೋಡಿ. ಶೇ 55 ಸಿಂಧು ಮತಗಳದ್ದಾದರೆ ಉತ್ತರ 15,000. ಚಲಾವಣೆಯಾದ ಒಟ್ಟು ಮತಗಳದ್ದಾದರೆ ಸೋತವರಿಗೆ ಉಳಿಯುವುದು ಶೇ 25, ಅಂತರ ಶೇ 30, ಉತ್ತರ 4,000. ಈ 4,000ವನ್ನೂ ತಾಳೆ ನೋಡಿ: ಕುಲಗೆಟ್ಟವು 800, ಗೆದ್ದವರಿಗೆ 2,200, ಸೋತವರಿಗೆ 1,000, ಅಂತರ 1,200. ಇದೂ ಒಪ್ಪವಾಗಿ ಕೂಡುತ್ತದೆ. ಎರಡು ಉತ್ತರಗಳೂ ತಾಳೆಯಾಗುವಾಗ ಯಾವ ಸೂತ್ರವೂ, ಯಾವ ಜರಡಿಯೂ ವಿದ್ಯಾರ್ಥಿಯನ್ನು ಕಾಪಾಡಲಾರದು. ಪ್ರಶ್ನೆಪತ್ರಿಕೆ ತಯಾರಿಸುವವರು ಮತ್ತು ಅಭ್ಯಾಸ ಪುಸ್ತಕ ಬರೆಯುವವರು ಶೇ 55ರ ಹಿಂದೆ ‘ಸಿಂಧು ಮತಗಳಲ್ಲಿ’ ಅಥವಾ ‘ಚಲಾವಣೆಯಾದ ಒಟ್ಟು ಮತಗಳಲ್ಲಿ’ ಎಂಬ ಮಾತನ್ನು ದಯವಿಟ್ಟು ಬಿಡದೆ ಬರೆಯಲಿ.