ಪದಮಿತಿಯ ಸಂಕ್ಷೇಪಣ: ಫ್ರೆಂಚ್ ‘ಕೊಂತ್ರಾಕ್ಸ್ಯೊಂ ದ ತೆಕ್ಸ್ತ್’ ಅಭ್ಯಾಸದಲ್ಲಿ ಎಣಿಕೆ ಮತ್ತು ಅರ್ಥ

ಫ್ರಾನ್ಸಿನ ತಾಂತ್ರಿಕ ಶಾಖೆಯ ಬಾಕಲೊರೆಯಾ ಪರೀಕ್ಷೆಯಲ್ಲಿ ಅಭ್ಯರ್ಥಿಗಳಿಗೆ ಸುಮಾರು 1000 ಪದಗಳ ವಿಚಾರಪ್ರಧಾನ ಗದ್ಯವೊಂದನ್ನು ಕೊಟ್ಟು, ಅದನ್ನು ಕಾಲು ಭಾಗಕ್ಕೆ ಇಳಿಸಲು ಹೇಳಲಾಗುತ್ತದೆ. ಎರಡೂ ಕಡೆ ಶೇಕಡ 10ರಷ್ಟು ರಿಯಾಯಿತಿ ಉಂಟು. ಬಳಸಿದ ಪದಗಳ ಸಂಖ್ಯೆಯನ್ನು ಅಭ್ಯರ್ಥಿಯೇ ಕೊನೆಯಲ್ಲಿ ನಮೂದಿಸಬೇಕು. ಉನ್ನತ ವಿದ್ಯಾಸಂಸ್ಥೆಗಳ ಪ್ರವೇಶಪರೀಕ್ಷೆಗಳಲ್ಲಿಯೂ ಇದೇ ಬಗೆಯ ಅಭ್ಯಾಸ ಬೇರೆ ಬೇರೆ ಅಳತೆಗಳಲ್ಲಿ ಉಳಿದುಬಂದಿದೆ. ಬೋಧನಾಸಾಹಿತ್ಯವು ಇದನ್ನು ಸಾಮಾನ್ಯವಾಗಿ ಓದಿನ ಕೌಶಲವೆಂದು ವಿವರಿಸುತ್ತದೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಕುತೂಹಲಕರವಾದ ಪ್ರಶ್ನೆ ಬೇರೆಯದು: ಮಿತಿಯನ್ನು ಪದಗಳಲ್ಲಿ ವಿಧಿಸಿದಾಗ, ಪದವೆಂದರೆ ಏನೆಂಬ ನಿರ್ಣಯವು ಸಂಕ್ಷೇಪದಲ್ಲಿ ಯಾವ ಅರ್ಥ ಉಳಿಯುತ್ತದೆ ಎಂಬುದರ ಮೇಲೆ ಪರಿಣಾಮ ಬೀರುತ್ತದೆಯೇ?

ಮೊದಲು ಎಣಿಕೆಯನ್ನು ನೋಡೋಣ. ಫ್ರೆಂಚ್ ಉದಾಹರಣೆಗಳನ್ನು ಇಲ್ಲಿ ಬರಹದ ಲೋಪಚಿಹ್ನೆ, ಕೂಡುಗೆರೆ ಹಾಗೂ ಅಂತರಗಳನ್ನು ಉಳಿಸಿಕೊಂಡು ಲಿಪ್ಯಂತರಿಸಿದೆ. ಪ್ರವೇಶಪರೀಕ್ಷೆಗಳ ಸೂಚನೆಗಳಲ್ಲಿ ರೂಢಿಗೆ ಬಂದಿರುವ ಲಕ್ಷಣದ ಪ್ರಕಾರ ಅಂತರ ಅಥವಾ ಮುದ್ರಣಚಿಹ್ನೆಗಳ ನಡುವೆ ಬರುವ ಘಟಕವೇ ಪದ. ಆದ್ದರಿಂದ ‘ಸ'ಎತ್-ಆ-ದೀರ್’ (‘ಅಂದರೆ’) ನಾಲ್ಕು ಪದಗಳಾಗುತ್ತದೆ. ಆದರೆ ‘ಓಜೂರ್ದ'ಯ್ವಿ’ (‘ಇಂದು’) ಒಂದೇ ಪದ, ‘ಸೋಸ್ಯೊ-ಎಕೊನೊಮೀಕ್’ ಕೂಡ ಒಂದೇ. ಇವುಗಳ ಬಿಡಿಭಾಗಗಳು ಸ್ವತಂತ್ರವಾಗಿ ಅರ್ಥ ಕೊಡುವುದಿಲ್ಲವೆಂಬುದು ಕಾರಣ. ‘ಆ-ತ್-ಈಲ್’ ಎಂಬಲ್ಲಿ ನಡುವಿನ ತಕಾರವು ಉಚ್ಚಾರಣೆಯ ಸೌಕರ್ಯಕ್ಕೆ ಬಂದದ್ದರಿಂದ ಎರಡೇ ಪದ. ಲಕ್ಷಣವು ಲಿಪಿಯಿಂದ ಹೊರಟು, ತೊಡಕು ಬಂದೊಡನೆ ಅರ್ಥವನ್ನು ಆಶ್ರಯಿಸುವುದನ್ನು ಗಮನಿಸಬೇಕು. ಅರ್ಥವೇ ಪ್ರಮಾಣವಾಗಿದ್ದರೆ ನಿಘಂಟಿನಲ್ಲಿ ಒಂದೇ ನಮೂದಾಗಿರುವ ‘ಗ್ರಾನ್-ಪೇರ್’ (‘ಅಜ್ಜ’) ಒಂದಾಗಬೇಕಿತ್ತು. ಅದು ಎರಡೆಂದೇ ಎಣಿಕೆಯಾಗುತ್ತದೆ.

ವಿದೇಶೀಯರಿಗಾಗಿ ಇರುವ ದಾಲ್ಫ್ ಪರೀಕ್ಷೆಯ ಸೂಚನೆ ಇದಕ್ಕಿಂತ ಸರಳವಾಗಿದೆ: ಎರಡು ಅಂತರಗಳ ನಡುವಿನ ಚಿಹ್ನೆಗಳ ಸಮೂಹವೇ ಪದ. ಅಲ್ಲಿ ‘ಸ'ಎತ್-ಆ-ದೀರ್’ ಒಂದು ಪದ. ಸೂಚನೆಯಲ್ಲಿಯೇ ಬರುವ ‘ಜ ನ ಲ'ಎ ಪಾ ವ್ಯೂ ದಪ್ಯುಯಿ ಅವಾನ್-ಇಯೇರ್’ (‘ಮೊನ್ನೆಯಿಂದ ನಾನು ಅವನನ್ನು ನೋಡಿಲ್ಲ’) ಏಳು ಪದಗಳು. ಮೊದಲ ಲಕ್ಷಣದ ಪ್ರಕಾರ ಒಂಬತ್ತು. (ಫ್ರೆಂಚ್ ಮುದ್ರಣದಲ್ಲಿ ದ್ವಿಬಿಂದುವಿನ ಹಿಂದೆಯೂ ಅಂತರ ಬರುವುದರಿಂದ, ಲಕ್ಷಣವನ್ನು ಅಕ್ಷರಶಃ ಓದಿದರೆ ದ್ವಿಬಿಂದುವೂ ಪದವಾದೀತು. ಹಾಗೆ ಎಣಿಸುವುದು ಯಾರ ಉದ್ದೇಶವೂ ಅಲ್ಲ.)

ಈ ವ್ಯತ್ಯಾಸದ ಫಲವನ್ನು ಕಾಣಲು, ಈ ಲೇಖನಕ್ಕಾಗಿಯೇ ಫ್ರೆಂಚಿನಲ್ಲಿ ರಚಿಸಿದ ಆರು ವಾಕ್ಯಗಳ ಖಂಡವೊಂದನ್ನು ತೆಗೆದುಕೊಳ್ಳೋಣ. ಅದರ ತಾತ್ಪರ್ಯ ಹೀಗಿದೆ: ರೈಲು, ಆಮೇಲೆ ಮೋಟಾರು ನಮಗೆ ಸಮಯವನ್ನು ಮರಳಿ ಕೊಡುತ್ತವೆಂದು ಮಾತು ಕೊಟ್ಟಿದ್ದರು. ಒಂದು ಗಂಟೆ ನಡೆದು ಕಾರ್ಯಾಗಾರ ಸೇರುತ್ತಿದ್ದವನು ಇಂದು ಹತ್ತು ನಿಮಿಷದಲ್ಲಿ ಅಲ್ಲಿರುತ್ತಾನೆ, ನಿಜ. ಆದರೆ ಕಾರ್ಯಾಗಾರವೇ ಸ್ಥಳ ಬದಲಿಸಿತು. ಕಾರಿನಲ್ಲಿ ಹೋಗಬಹುದೆಂಬ ಕಾರಣಕ್ಕೆ ಅದನ್ನು ನಲವತ್ತು ಕಿಲೋಮೀಟರ್ ಆಚೆ ಕಟ್ಟಿದರು. ಶಾಲೆ, ಸಂತೆ, ಆಸ್ಪತ್ರೆಗಳೂ ಅದೇ ದಾರಿ ಹಿಡಿದವು. ಹೀಗೆ, ಅಜ್ಜಂದಿರು ಕಾಲ್ನಡಿಗೆಯಲ್ಲಿ ಕಳೆದ ಗಂಟೆಯನ್ನು ನಾವು ರಸ್ತೆಯಲ್ಲಿ ಕಳೆದಿರುತ್ತೇವೆ. ಯಂತ್ರ ಒಂದು ಕೈಯಿಂದ ಕೊಟ್ಟದ್ದನ್ನು ದೂರವು ಕಿತ್ತುಕೊಳ್ಳುತ್ತದೆ.

ಫ್ರೆಂಚ್ ಮೂಲದಲ್ಲಿ ಪ್ರವೇಶಪರೀಕ್ಷೆಯ ಎಣಿಕೆಯಂತೆ 94 ಪದಗಳಿವೆ. ಕಾಲು ಭಾಗವೆಂದರೆ 23.5, ರಿಯಾಯಿತಿ ಸೇರಿಸಿದರೆ 22ರಿಂದ 25 ಪದಗಳಿಗೆ ಅವಕಾಶ. ಮೊದಲ ಕರಡು ಹೀಗಿರಬಹುದು: ‘ಲೇ ತ್ರಾನ್ಸ್ಪೋರ್ ರಾಪೀದ್ ದವೆ ನೂ ಲಿಬೇರೇ, ಮೆ, ಆನ್ ಎಲ್ವಾನ್ಯಾನ್ ಲೇ ಲ್ಯೊ ದ ಲಾ ವೀ ಕೊತಿದ್ಯೆನ್, ಈಲ್ ನೂ ಲೆಸ್ ಓತಾನ್ ದ ತ್ರಾಜೆ ಕ'ಓತ್ರಫ್ವಾ’. ವೇಗದ ಸಾರಿಗೆ ನಮ್ಮನ್ನು ಬಿಡುಗಡೆ ಮಾಡಬೇಕಿತ್ತು. ಆದರೆ ದಿನನಿತ್ಯದ ತಾಣಗಳನ್ನು ದೂರಕ್ಕೊಯ್ದು, ಹಿಂದಿನಷ್ಟೇ ಪ್ರಯಾಣವನ್ನು ನಮಗೆ ಉಳಿಸುತ್ತದೆ ಎಂದರ್ಥ. ಇದು 23 ಪದ.

ಉಳಿತಾಯ ಎಲ್ಲಿ ಆಯಿತೆಂಬುದನ್ನು ನೋಡಬೇಕು. ಮೊದಲ ವಾಕ್ಯದ ವಾಗ್ದಾನವು ‘ದವೆ’ ಎಂಬ ಅಪೂರ್ಣ ಭೂತಕಾಲದ ರೂಪದಲ್ಲಿ ಅಡಗಿದೆ. ಈ ರೂಪಕ್ಕೆ ‘ಕರ್ತವ್ಯವಿತ್ತು’ ಎಂಬ ಅರ್ಥವೂ ಇದೆ. ಮುಂದೆ ಬರುವ ‘ಮೆ’ (‘ಆದರೆ’) ಅದನ್ನು ಈಡೇರದ ನಿರೀಕ್ಷೆಯೆಂದು ನಿರ್ಧರಿಸುತ್ತದೆ. ಹದಿನಾರು ಪದಗಳ ಎರಡನೆಯ ವಾಕ್ಯವು ‘ರಾಪೀದ್’ (‘ವೇಗದ’) ಎಂಬ ಒಂದೇ ಗುಣವಾಚಕವಾಗಿ ಉಳಿದಿದೆ, ಏಕೆಂದರೆ ಮೂಲದಲ್ಲಿ ಅದರ ಪಾತ್ರ ಒಪ್ಪಿಕೊಂಡು ಮುಂದೆ ಸಾಗುವುದಷ್ಟೇ. ನಾಲ್ಕು ತಾಣಗಳಿಗೆ ಮೇಲ್ವರ್ಗದ ಹೆಸರೊಂದು ಸಾಕು. ಕೊನೆಯ ರೂಪಕವನ್ನು ಪೂರ್ತಿಯಾಗಿ ಬಿಡಲಾಗಿದೆ. ಅಭ್ಯರ್ಥಿಗಳಿಗೆ ಬಿಡಲು ಮನಸ್ಸಾಗದ ವಾಕ್ಯ ಇದೇ, ಆದರೂ ಐದನೆಯ ವಾಕ್ಯದ ತೀರ್ಮಾನಕ್ಕೆ ಅದು ಏನನ್ನೂ ಸೇರಿಸುವುದಿಲ್ಲ.

ನಿರ್ಣಾಯಕವಾದದ್ದು ‘ಆನ್ ಎಲ್ವಾನ್ಯಾನ್’ ಎಂಬ ಜೆರೊಂದೀಫ್. ಇದರ ಕರ್ತೃ ಮುಖ್ಯ ಕ್ರಿಯೆಯ ಕರ್ತೃವೇ ಆಗಿರಬೇಕೆಂಬುದು ಶಿಷ್ಟ ಫ್ರೆಂಚಿನ ನಿಯಮ. ಆದ್ದರಿಂದ ತಾಣಗಳನ್ನು ದೂರಮಾಡಿದ್ದು ಸಾರಿಗೆಯೇ ಎಂಬ ಅರ್ಥ ವ್ಯಾಕರಣದಿಂದಲೇ ದೊರೆಯುತ್ತದೆ. ಇದರ ಬದಲು ‘ಮೆ ಲೇ ಲ್ಯೊ ದ ಲಾ ವೀ ಕೊತಿದ್ಯೆನ್ ಸೊನ್ ಪ್ಲ್ಯೂ ಎಲ್ವಾನ್ಯೇ, ಎ ಲ ತ್ರಾಜೆ ದ್ಯೂರ್ ಓತಾನ್ ಕ'ಓತ್ರಫ್ವಾ’ (‘ಆದರೆ ದಿನನಿತ್ಯದ ತಾಣಗಳು ಹೆಚ್ಚು ದೂರದಲ್ಲಿವೆ, ಮತ್ತು ಪ್ರಯಾಣ ಹಿಂದಿನಷ್ಟೇ ಹೊತ್ತು ಹಿಡಿಯುತ್ತದೆ’) ಎಂದು ಬರೆದರೂ ಒಟ್ಟು 23 ಪದಗಳೇ ಆಗುತ್ತವೆ. ಸಂಗತಿಗಳೆಲ್ಲ ಇವೆ, ಒಂದೂ ಸುಳ್ಳಲ್ಲ. ಆದರೆ ಕಾರ್ಯಾಗಾರವನ್ನು ದೂರ ಒಯ್ದದ್ದು ಯಾವುದು ಎಂದು ಕೇಳಿದರೆ ಈ ಪಾಠದಲ್ಲಿ ಉತ್ತರವಿಲ್ಲ. ಮೂಲದ ವಾದವು ‘ಕಾರಿನಲ್ಲಿ ಹೋಗಬಹುದೆಂಬ ಕಾರಣಕ್ಕೆ’ ಎಂಬ ಉಪವಾಕ್ಯದಲ್ಲಿ ನಿಂತಿದೆ. ಅದು ಬಿದ್ದುಹೋದರೆ ಉಳಿಯುವುದು ವಿಷಯಗಳ ಪಟ್ಟಿ ಮಾತ್ರ. ಸಂಕ್ಷೇಪವನ್ನು ಪರೀಕ್ಷಿಸುವವರು ನಾಮಪದಗಳನ್ನಲ್ಲ, ಸಂಬಂಧಗಳನ್ನು ಒಂದೊಂದಾಗಿ ಹುಡುಕಬೇಕೆಂದು ನಾನು ಹೇಳುವುದು ಈ ಕಾರಣದಿಂದ.

ಇನ್ನೊಂದು ನಿಯಮವನ್ನು ಇಲ್ಲಿಯೇ ಹೇಳಬಹುದು. ಸಂಕ್ಷೇಪಕಾರನು ಲೇಖಕನ ಉಕ್ತಿಸ್ಥಾನವನ್ನೇ ಉಳಿಸಿಕೊಳ್ಳಬೇಕು; ಮೂಲದ ‘ನಾವು’ ಇಲ್ಲಿಯೂ ‘ನಾವು’. ‘ಲೇಖಕರು ಹೇಳುತ್ತಾರೆ’ ಎಂಬುದಕ್ಕೆ ಫ್ರೆಂಚಿನಲ್ಲಿ ನಾಲ್ಕು ಪದ ಬೇಕು, ಅಂದರೆ ಇಪ್ಪತ್ತಮೂರರಲ್ಲಿ ಆರನೆಯ ಒಂದು ಭಾಗಕ್ಕಿಂತ ಹೆಚ್ಚು.

ಮೊದಲ ಕರಡಿನಲ್ಲಿಯೂ ಒಂದು ಕೊರತೆಯಿದೆ. ‘ತ್ರಾಜೆ’ ಎಂದರೆ ಪ್ರಯಾಣದ ದೂರವೂ ಆಗಬಹುದು, ಅವಧಿಯೂ ಆಗಬಹುದು. ಮೂಲವು ಅವಧಿಯನ್ನು ಮಾತ್ರ ಕುರಿತದ್ದು. ‘ದ ತಾನ್ ದ ತ್ರಾಜೆ’ (‘ಪ್ರಯಾಣದ ಸಮಯ’) ಎಂದು ತಿದ್ದಿದರೆ 25 ಪದಗಳಾಗಿ ಮಿತಿಯೊಳಗೇ ನಿಲ್ಲುತ್ತದೆ. ಆದರೆ ಅಂತರಗಳ ಲೆಕ್ಕದಲ್ಲಿ ಮೂಲವೇ 85 ಪದ. ಅದರ ಕಾಲು ಭಾಗಕ್ಕೆ 20ರಿಂದ 23ರ ಮಿತಿ. ತಿದ್ದಿದ ಪಾಠ ಆ ಲೆಕ್ಕದಲ್ಲಿ 24 ಆಗಿ ಹೊರಗುಳಿಯುತ್ತದೆ. ಲೋಪಚಿಹ್ನೆಗಳು ದಟ್ಟವಾಗಿರುವ ಮೂಲ ಅಂತರದ ಎಣಿಕೆಯಲ್ಲಿ ಹೆಚ್ಚು ಕುಗ್ಗುತ್ತದೆ, ವಿರಳವಾಗಿರುವ ಸಂಕ್ಷೇಪ ಕುಗ್ಗುವುದಿಲ್ಲ. ‘ಸಮಯ’ ಎಂಬ ಪದ ಉಳಿಯಬೇಕೇ ಎಂಬುದನ್ನು ಇಲ್ಲಿ ವಾದವಲ್ಲ, ಲಿಪಿಯ ಸಂಪ್ರದಾಯ ತೀರ್ಮಾನಿಸಿತು. ಎರಡೂ ಎಣಿಕೆಗಳಿಗೆ ಒಗ್ಗುವ ಪರಿಹಾರ ಕ್ರಿಯಾಪದವನ್ನು ಬದಲಿಸುವುದರಲ್ಲಿದೆ: ‘ಈಲ್ ನೂ ಪ್ರೆನ್ ಓತಾನ್ ದ ತಾನ್ ಕ'ಓತ್ರಫ್ವಾ’, ಅಂದರೆ ‘ಹಿಂದಿನಷ್ಟೇ ಸಮಯವನ್ನು ನಮ್ಮಿಂದ ಕಸಿಯುತ್ತವೆ’. ಮತ್ತೆ 23 ಪದ, ಸಂದಿಗ್ಧತೆಯೂ ಇಲ್ಲ.

ಕನ್ನಡದ ಓದುಗರಿಗೆ ಈ ಜೆರೊಂದೀಫ್ ಪರಿಚಿತವೆನಿಸುತ್ತದೆ. ‘ದೂರಕ್ಕೊಯ್ದು’ ಎಂಬ ಕ್ರಿಯಾನ್ಯೂನವೂ ಸಾಮಾನ್ಯವಾಗಿ ಮುಖ್ಯ ಕ್ರಿಯೆಯ ಕರ್ತೃವನ್ನೇ ಬಯಸುತ್ತದೆ. ಆದರೆ ಅದು ಹೆಚ್ಚಾಗಿ ಕ್ರಿಯೆಗಳ ಅನುಕ್ರಮವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಕಾರಣ ಸ್ಪಷ್ಟವಾಗಬೇಕಾದರೆ ‘ದೂರಕ್ಕೊಯ್ದಿರುವುದರಿಂದ’ ಎನ್ನಬೇಕು, ಅದೂ ಒಂದೇ ಪದ. ಫ್ರೆಂಚಿನಲ್ಲಿ ‘ಪಾರ್ಸ್ ಕ’ (‘ಏಕೆಂದರೆ’) ಎರಡು ಪದವೆಂದು ಅಭ್ಯರ್ಥಿ ‘ಪ್ಯುಯಿಸ್ಕ’ ಎಂಬ ಒಂದೇ ಪದದ ಅವ್ಯಯಕ್ಕೆ ಮೊರೆಹೋಗಬಹುದು, ಅದಕ್ಕೆ ‘ತಿಳಿದೇ ಇರುವಂತೆ’ ಎಂಬ ಛಾಯೆ ಅಂಟಿಕೊಂಡಿದ್ದರೂ ಸಹ. ಕಾರಣವಾಚಿಯು ಪ್ರತ್ಯಯವಾಗಿರುವ ಭಾಷೆಯಲ್ಲಿ ಆ ಒತ್ತಡವೇ ಹುಟ್ಟದು. ಕಾಲು ಭಾಗದ ಪದಮಿತಿಯನ್ನು ಕನ್ನಡದ ಸಂಕ್ಷೇಪಣಕ್ಕೆ ಹಾಗೆಯೇ ತಂದರೆ ಫ್ರೆಂಚಿನಲ್ಲಿ ಅದು ಮೊದಲು ಅಪಾಯಕ್ಕೆ ಒಡ್ಡುವ ಕಾರಣಸಂಬಂಧ ಇಲ್ಲಿ ಸುರಕ್ಷಿತವಾಗಿರುತ್ತದೆ. ಒತ್ತಡ ಬೀಳುವುದು ವಿಶೇಷಣಗಳ ಮೇಲೆ.